ಡಿಐಪಿ ಡೈರಿ, ಭಾಗ 31: ‘ರಾಜೀನಾಮೆ’ ಅಂತ ಮಾತ್ರ ಬರೀಬೇಡಿ

ಹೋದ ಸಲ ರಂಜಾನ್ ತಿಂಗಳ ನೈಟ್ ಡ್ಯೂಟಿ ಬಗ್ಗೆ ಬರೆದಿದ್ದೆ. ಈ ಸಲ ನಮ್ಮ ಮನೆಯದೇ ಒಂದು ವಿಷಯ. ಅಕ್ಕನನ್ನು ಕೇಳಿಯೇ ಬರೆಯುತ್ತಿದ್ದೇನೆ. “ಹೆಸರು ಹಾಕ್ಬೇಡ, ಊರು ಹಾಕ್ಬೇಡ, ಉಳಿದಿದ್ದೆಲ್ಲ ಬರಿ, ಯಾರಿಗಾದ್ರೂ ಉಪಯೋಗಕ್ಕೆ ಬರ್ಲಿ” ಅಂದಳು. ನಮ್ಮೂರ ಕಡೆ ಸರ್ಕಾರಿ ಕೆಲಸದಲ್ಲಿರುವ ನರ್ಸ್, ಮೇಷ್ಟ್ರು, ಎಫ್‌ಡಿಎ, ಎಸ್‌ಡಿಎ ಎಲ್ಲರೂ ಇದನ್ನು ಪೂರ್ತಿ ಓದಿ.

ಹೋದ ವರ್ಷದ ಹಿಂದಿನ ದೀಪಾವಳಿ ಹೊತ್ತಿಗೆ ಅಮ್ಮನಿಗೆ ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಎರಡೂ ಬಿದ್ದುಹೋದವು. ನಾನು ಇಪ್ಪತ್ತು ದಿನ ರಜೆ ಹಾಕಿ ಬಂದು ವಾಪಸ್ಸಾದೆ. ಅಕ್ಕ ತಾಲ್ಲೂಕು ಆಸ್ಪತ್ರೆಯಲ್ಲಿ ಶುಶ್ರೂಷಾ ಅಧಿಕಾರಿ. ಆರು ವಾರ ಡ್ಯೂಟಿ, ಅಮ್ಮ, ಮನೆ ಮೂರನ್ನೂ ಎಳೆದಳು. ಡಿಸೆಂಬರ್‌ನಲ್ಲಿ ಒಂದು ರಾತ್ರಿ ಫೋನ್ ಮಾಡಿ, “ಇನ್ನು ಆಗಲ್ಲ ಕಣೇ, ಕೆಲಸ ಬಿಡ್ತೀನಿ” ಅಂದಳು. ಅವಳಿಗೆ ಆಗ 47 ವರ್ಷ, ಸರ್ವೀಸ್ ಇನ್ನೂ 13 ವರ್ಷ ಬಾಕಿ ಇತ್ತು.

ಆಗ ನಾನು ಹೇಳಿದ ಮಾತು ನೆನೆದರೆ ಈಗಲೂ ಮೈ ಬೆವರುತ್ತದೆ. “ರಿಸೈನ್ ಮಾಡಕ್ಕ. ಎರಡು ಸಾಲು ಬರೆದು ಕೊಡು, ಮುಗೀತು. ನಾನಿಲ್ಲಿಂದ ದುಡ್ಡು ಕಳಿಸ್ತೀನಿ” ಅಂದಿದ್ದೆ.

ನಾನು ಹೇಳಿದ್ದು ಇಲ್ಲಿಯ ಲೆಕ್ಕ. ಇಲ್ಲಿ ಡಿಐಪಿಯಲ್ಲಿ ನನ್ನ ಜೊತೆ ಕೆಲಸ ಮಾಡುವವರು ವರ್ಷಕ್ಕೆ ಒಬ್ಬರಾದರೂ ರಿಸೈನ್ ಮಾಡುತ್ತಾರೆ. ಎಚ್‌ಆರ್‌ಗೆ ಒಂದು ಮೇಲ್, ಕಾಂಟ್ರಾಕ್ಟ್‌ನಲ್ಲಿ ಇದ್ದಂತೆ ಮೂವತ್ತರಿಂದ ತೊಂಬತ್ತು ದಿನದ ನೋಟಿಸ್, ಅಷ್ಟೇ. ಯುಎಇಯ ಈಗಿನ ಕಾರ್ಮಿಕ ಕಾನೂನು 2022ರಿಂದ ಜಾರಿಯಲ್ಲಿದೆ. ಅದರ ಪ್ರಕಾರ ಒಂದು ವರ್ಷ ಮುಗಿಸಿದ ಹೊರದೇಶದ ನೌಕರರು ತಾವಾಗಿ ಬಿಟ್ಟರೂ ಗ್ರಾಚ್ಯುಟಿ ಸಿಗುತ್ತದೆ. ಮೊದಲ ಐದು ವರ್ಷಕ್ಕೆ ವರ್ಷಕ್ಕೆ 21 ದಿನದ ಮೂಲ ವೇತನ, ಆಮೇಲೆ ವರ್ಷಕ್ಕೆ 30 ದಿನದ್ದು. ನಮಗೆ ಇಲ್ಲಿ ಪಿಂಚಣಿ ಅನ್ನುವುದೇ ಇಲ್ಲ, ಹಾಗಾಗಿ ಕಳೆದುಕೊಳ್ಳುವುದಕ್ಕೂ ಏನೂ ಇಲ್ಲ. ‘ರಿಸೈನ್’ ಇಲ್ಲಿ ನಿರಪಾಯದ ಪದ.

ಕರ್ನಾಟಕ ಸರ್ಕಾರದ ನೌಕರರಿಗೆ ಅದು ನಿರಪಾಯದ ಪದ ಅಲ್ಲ. ರಾಜೀನಾಮೆ ಕೊಟ್ಟರೆ ಹಿಂದಿನ ಸೇವೆಯೆಲ್ಲ ಪಿಂಚಣಿ ಲೆಕ್ಕದಿಂದ ಹೋಗುತ್ತದೆ. ಇಪ್ಪತ್ತು ವರ್ಷ ದುಡಿದಿದ್ದರೂ ಪಿಂಚಣಿ ಮಟ್ಟಿಗೆ ದುಡಿದೇ ಇಲ್ಲ ಅನ್ನುವ ಹಾಗೆ. ಇದಕ್ಕೆ ಬೇರೆ ದಾರಿ ಇದೆ, ಅದೇ ಸ್ವಇಚ್ಛಾ ನಿವೃತ್ತಿ. ಪೇಪರ್‌ನಲ್ಲಿ ಸ್ವಯಂ ನಿವೃತ್ತಿ ಅಂತ ಬರೆಯುತ್ತಾರೆ, ಜನ ವಿಆರ್‌ಎಸ್ ಅನ್ನುತ್ತಾರೆ. ಕರ್ನಾಟಕ ಸರ್ಕಾರಿ ಸೇವಾ ನಿಯಮಾವಳಿ, ಅಂದರೆ ಕೆಸಿಎಸ್‌ಆರ್‌ನ ನಿಯಮ 285(2) ಇದಕ್ಕೇ ಇರುವುದು. 15 ವರ್ಷ ಅರ್ಹತಾದಾಯಕ ಸೇವೆ ಮುಗಿಸಿದವರು ಕನಿಷ್ಠ ಮೂರು ತಿಂಗಳ ಲಿಖಿತ ನೋಟಿಸ್ ಕೊಟ್ಟು ನಿವೃತ್ತಿ ಕೇಳಬಹುದು. ಪಿಂಚಣಿ ಸೇವೆಯ ವರ್ಷಕ್ಕೆ ತಕ್ಕ ಅನುಪಾತದಲ್ಲಿ ಸಿಗುತ್ತದೆ. ಪೂರ್ತಿ ಅಲ್ಲ, ಆದರೆ ಜೀವನಪೂರ್ತಿ.

“ಒಂದು ಪದಕ್ಕೆ ಅಷ್ಟೊಂದು ಏನು, ಅಧಿಕಾರಿಗಳಿಗೆ ಅರ್ಥ ಆಗಲ್ವಾ?” ಅಂತ ಕೇಳುವವರಿಗೆ ದೆಹಲಿಯ ಒಂದು ಪ್ರಕರಣ ಹೇಳುತ್ತೇನೆ. ಅಲ್ಲಿಯ ವಿದ್ಯುತ್ ಸಂಸ್ಥೆಯಲ್ಲಿ 1968ರಲ್ಲಿ ದಿನಗೂಲಿಯಾಗಿ ಸೇರಿ 1971ರಲ್ಲಿ ಕಾಯಂ ಆದ ಒಬ್ಬರು 1990ರ ಜುಲೈನಲ್ಲಿ ರಾಜೀನಾಮೆ ಪತ್ರ ಕೊಟ್ಟರು. ಪಿಂಚಣಿ ಸಿಗಲಿಲ್ಲ. ಕೋರ್ಟಿಗೆ ಹೋದರು. ಇಪ್ಪತ್ತು ವರ್ಷ ಸೇವೆ ಆಗಿದೆ, ಆ ಪತ್ರವನ್ನು ಸ್ವಯಂ ನಿವೃತ್ತಿ ಅಂತಲೇ ನೋಡಬೇಕು ಅಂತ ಹೈಕೋರ್ಟ್ ಅವರ ಪರ ಹೇಳಿತು. ಆದರೆ 2019ರ ಡಿಸೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ರಾಜೀನಾಮೆ ಬೇರೆ, ಸ್ವಯಂ ನಿವೃತ್ತಿ ಬೇರೆ. ರಾಜೀನಾಮೆಯಿಂದ ಹಿಂದಿನ ಸೇವೆ ಹೋಗುತ್ತದೆ ಅಂತ ನಿಯಮವೇ ಹೇಳುವಾಗ ಕೋರ್ಟ್ ಒಂದನ್ನು ಇನ್ನೊಂದು ಅಂತ ಓದಲು ಬರುವುದಿಲ್ಲ ಎಂದಿತು. ಪತ್ರ ಬರೆದು ಇಪ್ಪತ್ತೊಂಬತ್ತು ವರ್ಷ ಆದಮೇಲೆ ಬಂದ ಉತ್ತರ ಇದು.

ನಮ್ಮ ಅಕ್ಕನ ಪುಣ್ಯ, ಅವಳು ನನ್ನ ಮಾತು ಕೇಳಲಿಲ್ಲ. ಅವಳ ಆಸ್ಪತ್ರೆಯಿಂದ ಹಿಂದೆ ನಿವೃತ್ತರಾದ ಹಿರಿಯ ಗುಮಾಸ್ತರೊಬ್ಬರ ಮನೆಗೆ ಹೋದಳು. ಅವರು ಕೇಳಿದ ಮೊದಲ ಪ್ರಶ್ನೆ, “ಎಷ್ಟು ವರ್ಷ ಆಯ್ತಮ್ಮ ನಿಮ್ಮ ಸರ್ವೀಸು?” ಅಕ್ಕ “ಹತ್ತಿರ ಹತ್ತಿರ ಇಪ್ಪತ್ನಾಲ್ಕು ಸಾರ್” ಅಂದಳು. ಅವರು, “ನೀವು ಕೆಲಸ ಮಾಡಿದ್ದು ಕೇಳ್ತಿಲ್ಲ, ಎಸ್‌ಆರ್‌ನಲ್ಲಿ ಇರೋದು ಕೇಳ್ತಿದೀನಿ” ಅಂದರಂತೆ.

ಎಸ್‌ಆರ್ ಅಂದರೆ ಸೇವಾ ಪುಸ್ತಕ. ಅಕ್ಕ ಕೆಲಸಕ್ಕೆ ಸೇರಿದ್ದು 2001ರಲ್ಲಿ, ಆದರೆ ಅದು ಗುತ್ತಿಗೆ ಮೇಲೆ. ಕಾಯಂ ನೇಮಕಾತಿ ಆಗಿದ್ದು 10-06-2004ಕ್ಕೆ. ಗುತ್ತಿಗೆಯ ಮೂರು ವರ್ಷ ಎಣಿಕೆಗೆ ಇಲ್ಲ. ಆಮೇಲೆ 2013ರಲ್ಲಿ ಮಗನ ವಿಷಯಕ್ಕೆ ಐದು ತಿಂಗಳು ಸಂಬಳವಿಲ್ಲದ ರಜೆ ಹಾಕಿದ್ದಳು, ವೈದ್ಯಕೀಯ ಪ್ರಮಾಣಪತ್ರ ಇಲ್ಲದೆ. ಅಂಥ ರಜೆಯೂ ಸಾಮಾನ್ಯವಾಗಿ ಎಣಿಕೆಗೆ ಬರುವುದಿಲ್ಲ. 2025ರ ಏಪ್ರಿಲ್ ಕೊನೆಗೆ ಲೆಕ್ಕ ಹಾಕಿದರೆ ಕಾಯಂ ಸೇವೆ 20 ವರ್ಷ 10 ತಿಂಗಳು ಚಿಲ್ಲರೆ, ಅದರಲ್ಲಿ ಐದು ತಿಂಗಳು ಕಳೆದರೆ 20 ವರ್ಷ 5 ತಿಂಗಳು. ಇಪ್ಪತ್ನಾಲ್ಕು ಅಂದುಕೊಂಡಿದ್ದು ಇಪ್ಪತ್ತೂವರೆಯೂ ಇಲ್ಲ. ಆದರೂ ಹದಿನೈದು ದಾಟಿತ್ತು, ಹಾಗಾಗಿ ತೊಂದರೆ ಇರಲಿಲ್ಲ. ಅವಳ ಜೊತೆ ಟ್ರೇನಿಂಗ್ ಮಾಡಿದ ಒಬ್ಬ ಗೆಳತಿಗೆ ಕ್ಯಾಲೆಂಡರ್ ಪ್ರಕಾರ 15 ವರ್ಷ 2 ತಿಂಗಳು ಆಗಿತ್ತು, ಸಂಬಳರಹಿತ ರಜೆ ಏಳು ತಿಂಗಳು ಇತ್ತು. ಅರ್ಜಿ ವಾಪಸ್ ಬಂತು. ಅರ್ಜಿ ಬರೆಯುವ ಮೊದಲು ಸೇವಾ ಪುಸ್ತಕ ತೆಗೆಸಿ ಕೂತು ನೋಡಿ ಅನ್ನುವುದು ಇದಕ್ಕೇ.

ಇನ್ನೊಂದು ತಾರೀಖು ಮನಸ್ಸಿನಲ್ಲಿ ಇಟ್ಟುಕೊಳ್ಳಿ, 1-4-2006. ಆವತ್ತಿನಿಂದ ಈಚೆಗೆ ಸೇರಿದ ರಾಜ್ಯದ ನೌಕರರು ಎನ್‌ಪಿಎಸ್‌ಗೆ ಬರುತ್ತಾರೆ. ಅವರಿಗೆ ಬೇಗ ಬಿಟ್ಟಾಗ ಕೈಗೆ ಬರುವುದು ಖಾತೆಯಲ್ಲಿ ಕೂಡಿದ ದುಡ್ಡಿನ ಮೇಲೆ ನಿಂತಿದೆ, ಅದರಲ್ಲಿ ದೊಡ್ಡ ಪಾಲನ್ನು ವಾರ್ಷಿಕ ಪಿಂಚಣಿ ಯೋಜನೆ ಕೊಳ್ಳಲು ಹಾಕಬೇಕಾಗುತ್ತದೆ. ಅಕ್ಕನ ಲೆಕ್ಕವನ್ನು ಅವರು ತಮ್ಮ ಲೆಕ್ಕ ಅಂದುಕೊಳ್ಳಬಾರದು.

ಈಗ ಅರ್ಜಿಗೆ ಬರುತ್ತೇನೆ. ಅಕ್ಕ ಮೊದಲು ಬರೆದದ್ದು ಎರಡು ಪುಟ. ಅಮ್ಮನ ಕಾಯಿಲೆ, ಅವಳ ಮಂಡಿನೋವು, ಸ್ಟಾಫ್ ಕೊರತೆ, ಮೇಲಿನವರ ಬೈಗುಳ ಎಲ್ಲ ಅದರಲ್ಲಿ ಇತ್ತು. ಕೊನೆಗೆ “ದಯಮಾಡಿ ನನ್ನನ್ನು ಕೆಲಸದಿಂದ ಬಿಡುಗಡೆ ಮಾಡಿ, ಇಲ್ಲವಾದರೆ ರಾಜೀನಾಮೆ ಎಂದೇ ಪರಿಗಣಿಸಿ” ಅಂತ ಇತ್ತು. ಆ ಗುಮಾಸ್ತರು ಅದನ್ನು ಓದಿ ಮಡಚಿ ಅವಳ ಕೈಗೇ ಕೊಟ್ಟು, ಬೇರೆ ಬರೆಸಿದರು. ಅದು ಹೆಚ್ಚುಕಡಿಮೆ ಹೀಗಿತ್ತು:

“ಇವರಿಂದ: (ಹೆಸರು, ಹುದ್ದೆ, ಆಸ್ಪತ್ರೆ).
ಇವರಿಗೆ: ಇಲಾಖಾ ಮುಖ್ಯಸ್ಥರು.
ಮೂಲಕ: ಸೂಕ್ತ ಮಾರ್ಗದಲ್ಲಿ, ಆಡಳಿತ ವೈದ್ಯಾಧಿಕಾರಿಗಳು ಮತ್ತು ಜಿಲ್ಲಾ ಅಧಿಕಾರಿಗಳು.
ವಿಷಯ: ಕೆಸಿಎಸ್‌ಆರ್ ನಿಯಮ 285(2)ರಡಿ ಸ್ವಇಚ್ಛಾ ನಿವೃತ್ತಿಗೆ ಅನುಮತಿ ಕೋರಿ ಮೂರು ತಿಂಗಳ ನೋಟಿಸ್.
ಮಾನ್ಯರೇ, ನಾನು ದಿನಾಂಕ 10-06-2004ರಂದು ಸರ್ಕಾರಿ ಸೇವೆಗೆ ಸೇರಿದ್ದು, 15 ವರ್ಷಗಳಿಗಿಂತ ಹೆಚ್ಚಿನ ಅರ್ಹತಾದಾಯಕ ಸೇವೆ ಸಲ್ಲಿಸಿರುತ್ತೇನೆ. ಕೌಟುಂಬಿಕ ಕಾರಣಗಳಿಂದ ಸೇವೆಯಲ್ಲಿ ಮುಂದುವರಿಯಲು ಸಾಧ್ಯವಾಗದ ಕಾರಣ, ದಿನಾಂಕ 31-03-2025ರ ಅಪರಾಹ್ನದಿಂದ ಜಾರಿಗೆ ಬರುವಂತೆ ಸ್ವಇಚ್ಛಾ ನಿವೃತ್ತಿಗೆ ಅನುಮತಿ ನೀಡಬೇಕೆಂದು ಕೋರುತ್ತೇನೆ. ಈ ಪತ್ರವನ್ನು ನಿಯಮಾನುಸಾರ ನೋಟಿಸ್ ಎಂದು ಪರಿಗಣಿಸಬೇಕಾಗಿ ವಿನಂತಿ. ನನ್ನ ಮೇಲೆ ಯಾವುದೇ ಇಲಾಖಾ ವಿಚಾರಣೆ ಬಾಕಿ ಇರುವುದಿಲ್ಲ.”

ಅಷ್ಟೇ. ನಿಯಮದ ಸಂಖ್ಯೆ, ಸೇರಿದ ದಿನ, ಬಿಡುವ ದಿನ, ನೋಟಿಸ್ ಅನ್ನುವ ಪದ. ಕಾರಣ ಒಂದೇ ಸಾಲಿನಲ್ಲಿ. ಬೈಗುಳ, ಕಷ್ಟ ಯಾವುದೂ ಇಲ್ಲ. ಅದು ಸುಳ್ಳು ಅಂತಲ್ಲ, ಫೈಲ್‌ನಲ್ಲಿ ಅದು ದೂರಿನ ಅರ್ಜಿ ಆಗಿಬಿಡುತ್ತದೆ, ಆಮೇಲೆ ಅದಕ್ಕೊಂದು ವಿವರಣೆ ಕೇಳುತ್ತಾರೆ, ಮೂಲ ವಿಷಯ ಕೆಳಗೆ ಬೀಳುತ್ತದೆ.

‘ಸೂಕ್ತ ಮಾರ್ಗ’ ಅನ್ನುವುದನ್ನು ನಾನು ಬರೀ ದೊಡ್ಡಸ್ತಿಕೆ ಅಂದುಕೊಂಡಿದ್ದೆ. ಮುಖ್ಯಸ್ಥರಿಗೆ ನೇರವಾಗಿ ರಿಜಿಸ್ಟರ್ಡ್ ಪೋಸ್ಟ್ ಹಾಕಿದರೆ ಆಗದಾ ಅಂತ ಕೇಳಿದ್ದೆ. ಹಾಗೆ ಹಾಕಿದರೆ ಅದು ಕೆಳಗಿನ ಕಚೇರಿಗೆ ‘ವರದಿಗಾಗಿ’ ಅಂತ ವಾಪಸ್ ಬರುತ್ತದೆ, ಅಷ್ಟರಲ್ಲಿ ವಾರಗಳು ಹೋಗಿರುತ್ತವೆ. ಯಾಕೆಂದರೆ ನಿರ್ಧಾರ ಮಾಡುವವರ ಹತ್ತಿರ ನಿಮ್ಮ ಕಾಗದಪತ್ರ ಇರುವುದಿಲ್ಲ. ಸೇವಾ ಪುಸ್ತಕ, ರಜೆಯ ಲೆಕ್ಕ, ಸಾಲ ಬಾಕಿ ಇದೆಯೋ ಇಲ್ಲವೋ ಅನ್ನುವ ಬೇಬಾಕಿ ಪತ್ರ ಆಸ್ಪತ್ರೆಯಿಂದ ಹೋಗಬೇಕು. ವಿಚಾರಣೆ ಬಾಕಿ ಇಲ್ಲ ಅನ್ನುವ ಮಾತಿಗೆ ಜಿಲ್ಲೆಯವರ ಸಹಿ ಬೇಕು. ಪ್ರತಿ ಮೆಟ್ಟಿಲಿನಲ್ಲಿ ಒಂದೊಂದು ಕಾಗದ ಸೇರಿಕೊಂಡು ಮೇಲೆ ಹೋದರೆ ಮಾತ್ರ ಅಲ್ಲಿ ಆದೇಶ ಬರೆಯಲು ಆಗುತ್ತದೆ. ಒಂದು ಪ್ರತಿಯನ್ನು ‘ಮುಂಗಡ ಪ್ರತಿ’ ಅಂತ ಬರೆದು ಮೇಲಕ್ಕೆ ನೇರ ಕಳಿಸಬಹುದು, ಆದರೆ ಮೂಲ ಅರ್ಜಿ ಮೆಟ್ಟಿಲು ಹತ್ತಿಯೇ ಹೋಗಬೇಕು. ಯಾರಿಗೆ ಬರೆಯಬೇಕು ಅನ್ನುವ ಅನುಮಾನ ಇದ್ದರೆ ನಿಮ್ಮ ನೇಮಕಾತಿ ಆದೇಶ ತೆಗೆದು ನೋಡಿ, ಕೆಳಗೆ ಯಾವ ಹುದ್ದೆಯವರು ಸಹಿ ಮಾಡಿದ್ದಾರೋ ಅದು ಮೊದಲ ಸುಳಿವು.

ಅಕ್ಕ ಎಡವಿದ್ದು ಇಲ್ಲೇ, ತಾರೀಖಿನಲ್ಲಿ. ಅರ್ಜಿಯನ್ನು 2025ರ ಜನವರಿ 1ಕ್ಕೆ ಕಚೇರಿಯಲ್ಲಿ ಕೊಟ್ಟು ಬಂದಳು. ಮೇಜಿನ ಮೇಲೆ ಇಟ್ಟು, “ಸಾರ್, ನೋಡ್ಕೊಳ್ಳಿ” ಅಂದು ವಾರ್ಡಿಗೆ ಓಡಿದಳು. ಟಪಾಲು ನೋಡುವವರು ರಜೆಯಲ್ಲಿದ್ದರು. ಅರ್ಜಿಗೆ ಇನ್‌ವರ್ಡ್ ನಂಬರ್ ಮತ್ತು ಮೊಹರು ಬಿದ್ದದ್ದು ಜನವರಿ 9ಕ್ಕೆ. ಅವಳ ಹತ್ತಿರ ಸ್ವೀಕೃತಿ ಇರಲಿಲ್ಲ, ಹಾಗಾಗಿ ಕಚೇರಿಯ ಲೆಕ್ಕದಲ್ಲಿ ನೋಟಿಸ್ ಶುರುವಾದದ್ದು 9ರಿಂದ. ಮೂರು ತಿಂಗಳು ಅಂದರೆ ಏಪ್ರಿಲ್ 9. ಅವಳು ಕೇಳಿದ್ದು ಮಾರ್ಚ್ 31. ಒಂಬತ್ತು ದಿನ ಕಡಿಮೆ ಬಿತ್ತು. ಮೇಲಿನವರು ಮನಸ್ಸು ಮಾಡಿದರೆ ಕಡಿಮೆ ಅವಧಿಯ ನೋಟಿಸ್ ಒಪ್ಪಬಹುದು, ಆದರೆ ಅದಕ್ಕೆ ಬೇರೆ ಕೋರಿಕೆ, ಬೇರೆ ಟಿಪ್ಪಣಿ. ಫೈಲ್ ನಿಂತೇ ಹೋಯಿತು. ಇದು ಗೊತ್ತಾಗಲು ಮೂರು ವಾರ ಹಿಡಿಯಿತು, ಅದೂ ಅವಳೇ ಹೋಗಿ ಕೇಳಿದ್ದಕ್ಕೆ.

ಗುಮಾಸ್ತರು ಹೇಳಿದ ಪರಿಹಾರ ಸರಳ. ಒಂದು ಸಣ್ಣ ಪತ್ರ, ‘ಹಿಂದಿನ ನೋಟಿಸ್ ಮುಂದುವರಿಕೆಯಾಗಿ, ನಿವೃತ್ತಿಯ ದಿನಾಂಕವನ್ನು 30-04-2025ರ ಅಪರಾಹ್ನ ಎಂದು ಓದಿಕೊಳ್ಳಬೇಕು’ ಅಂತ. ಈ ಸಲ ಎರಡು ಪ್ರತಿ ತೆಗೆದುಕೊಂಡು ಹೋಗಿ, ತನ್ನ ಪ್ರತಿಯ ಮೇಲೆ ಮೊಹರು, ಸಹಿ, ನಂಬರ್ ಹಾಕಿಸಿಕೊಂಡೇ ಬಂದಳು. ನಾವು ಐವಿ ಹಾಕಿದ ಸಮಯ ಚಾರ್ಟ್‌ನಲ್ಲಿ ಬರೆಯದೆ ಹೋದರೆ ಐವಿ ಹಾಕಿಲ್ಲ ಅಂತಲೇ ಅರ್ಥ ಅಲ್ವಾ, ಹಾಗೇ ಇದೂ.

ಆಮೇಲೆ ಶುರುವಾಯಿತು ಮೌನ. ಫೆಬ್ರವರಿ ಹೋಯಿತು, ಮಾರ್ಚ್ ಹೋಯಿತು, ಉತ್ತರ ಇಲ್ಲ. ಇಲ್ಲಿ ನಾನು ಎರಡನೇ ತಪ್ಪು ಸಲಹೆ ಕೊಟ್ಟೆ. “ನೋಟಿಸ್ ಮುಗಿದ ಮೇಲೆ ಹೋಗ್ಬೇಡಕ್ಕ, ಅವರು ಬೇಡ ಅಂದಿಲ್ವಲ್ಲ” ಅಂದೆ. ಅದೂ ಅಷ್ಟು ಸುಲಭ ಅಲ್ಲ. ಕೆಲವು ನಿಯಮಗಳಲ್ಲಿ ನೋಟಿಸ್ ಅವಧಿಯೊಳಗೆ ನಿರಾಕರಿಸದೆ ಇದ್ದರೆ ನಿವೃತ್ತಿ ತಾನಾಗಿ ಜಾರಿಗೆ ಬರುತ್ತದೆ, ಇನ್ನು ಕೆಲವು ನಿಯಮಗಳಲ್ಲಿ ಒಪ್ಪಿಗೆಯ ಆದೇಶ ಬಂದರೆ ಮಾತ್ರ. ಹರಿಯಾಣದ ಒಂದು ಪ್ರಕರಣದಲ್ಲಿ 1999ರಲ್ಲಿ ಸುಪ್ರೀಂ ಕೋರ್ಟ್ ಈ ವ್ಯತ್ಯಾಸ ಬಿಡಿಸಿ ಹೇಳಿದೆ. ಅದನ್ನು ನಂಬಿ ಮನೆಯಲ್ಲಿ ಕೂತು, ಕಚೇರಿ ಅದನ್ನು ಅನಧಿಕೃತ ಗೈರುಹಾಜರಿ ಅಂತ ಬರೆದರೆ, ನಿಮ್ಮದೇ ಸರಿ ಅಂತ ಸಾಬೀತು ಮಾಡಲು ನೀವು ಕೋರ್ಟಿಗೆ ಹೋಗಬೇಕು. ಗೆದ್ದರೂ ವರ್ಷಗಳು ಹೋಗುತ್ತವೆ.

ಆರೋಗ್ಯ ಇಲಾಖೆಯವರಿಗೆ ಇನ್ನೊಂದು ಎಚ್ಚರಿಕೆ ಇದೆ. ಉತ್ತರ ಪ್ರದೇಶದಲ್ಲಿ ಸರ್ಕಾರಿ ವೈದ್ಯರು ಸ್ವಯಂ ನಿವೃತ್ತಿ ಕೇಳಿದಾಗ ಸರ್ಕಾರ ವೈದ್ಯರ ಕೊರತೆ ಇದೆ ಅಂತ ಬಿಡಲಿಲ್ಲ. 2018ರಲ್ಲಿ ಸುಪ್ರೀಂ ಕೋರ್ಟ್ ಸರ್ಕಾರದ ಪರ ನಿಂತಿತು, ಆ ರಾಜ್ಯದ ನಿಯಮದ ಪ್ರಕಾರ ಸಾರ್ವಜನಿಕ ಹಿತದ ಕಾರಣಕ್ಕೆ ಅನುಮತಿ ನಿರಾಕರಿಸಬಹುದು ಎಂದಿತು. ಅದು ಅವರ ನಿಯಮದ ಮೇಲಿನ ತೀರ್ಪು, ನಮ್ಮದು ಬೇರೆ. ಆದರೂ ನೋಟಿಸ್ ಕೊಟ್ಟ ಮಾತ್ರಕ್ಕೆ ಬಾಗಿಲು ತೆರೆದಿದೆ ಅಂತ ನಾವು, ಅದರಲ್ಲೂ ಆಸ್ಪತ್ರೆಯವರು, ಅಂದುಕೊಳ್ಳಬಾರದು.

ಅಕ್ಕ ಏಪ್ರಿಲ್ ಮೊದಲ ವಾರ ನೆನಪೋಲೆ ಕೊಟ್ಟಳು, ಅದಕ್ಕೂ ಮೊಹರು ಹಾಕಿಸಿಕೊಂಡಳು. ಜಿಲ್ಲಾ ಮಟ್ಟದ ಕಚೇರಿಗೆ ತಾನೇ ಹೋಗಿ ಫೈಲ್ ಯಾವ ಮೇಜಿನಲ್ಲಿದೆ ಅಂತ ಕೇಳಿದಳು. ಬೇಬಾಕಿ ಪತ್ರದಲ್ಲಿ ಒಂದು ಸಹಿ ಬಿಟ್ಟುಹೋಗಿತ್ತು, ಅದಕ್ಕೇ ಒಂದು ತಿಂಗಳು ಕೂತಿತ್ತು. ಸಹಿ ಆದಮೇಲೆ ಹದಿನೈದು ದಿನದೊಳಗೆ ಆದೇಶ ಬಂತು. ಆ ಕೊನೆಯ ದಿನದವರೆಗೂ ಡ್ಯೂಟಿಗೆ ಹೋದಳು, ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದಳು. ಏಪ್ರಿಲ್ 30ರ ಮಧ್ಯಾಹ್ನ ಬಿಡುಗಡೆ ಆದೇಶ ಕೈಗೆ ಬಂತು. ಪಿಂಚಣಿ ಕಾಗದ ಮಹಾಲೇಖಪಾಲರ ಕಚೇರಿಗೆ ಹೋಯಿತು.

ನಡುವೆ ಒಂದು ದಿನ ಅವಳಿಗೆ ಮನಸ್ಸು ಹೊಯ್ದಾಡಿತ್ತು. ಮಾರ್ಚ್‌ನಲ್ಲಿ ಅಮ್ಮ ಹಿಡಿದುಕೊಂಡು ನಾಲ್ಕು ಹೆಜ್ಜೆ ನಡೆದರು. “ವಾಪಸ್ ತಗೊಳ್ಳಕ್ಕೆ ಬರತ್ತಾ?” ಅಂತ ಕೇಳಿದಳು. ಬರುತ್ತದೆ, ಆದರೆ ನಿವೃತ್ತಿಯ ದಿನಾಂಕಕ್ಕೆ ಮೊದಲೇ ಬರೆದು ಕೊಡಬೇಕು, ಮೇಲಿನವರ ಒಪ್ಪಿಗೆಯೂ ಬೇಕು. ಕೇಂದ್ರ ಸರ್ಕಾರದ ಒಬ್ಬ ನೌಕರರು ಹಾಗೆ ಮಾರ್ಚ್ 31ಕ್ಕೆ ನೋಟಿಸ್ ಕೊಟ್ಟು ಜನವರಿ 31ಕ್ಕೇ ವಾಪಸ್ ಕೇಳಿದ್ದರು, ಇಲಾಖೆ ಒಪ್ಪಲಿಲ್ಲ. 1987ರಲ್ಲಿ ಸುಪ್ರೀಂ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು. ಕಾಲ ಮಿಂಚುವ ಮೊದಲು ಮನಸ್ಸು ಬದಲಿಸಿದವರನ್ನು ಸುಮ್ಮನೆ ತಡೆಯಲು ಕಾರಣ ಬೇಕು ಅನ್ನುವುದು ಅದರ ಸಾರ. ಅಕ್ಕ ಒಂದು ರಾತ್ರಿ ಯೋಚಿಸಿ, ವಾಪಸ್ ತೆಗೆದುಕೊಳ್ಳಲಿಲ್ಲ. ಅದು ಅವಳ ನಿರ್ಧಾರ. ಆದರೆ ನಿರ್ಧರಿಸಲು ಮೂರು ತಿಂಗಳ ಅವಕಾಶ ಅವಳಿಗೆ ಇತ್ತು. ನಾನು ಹೇಳಿದ ಎರಡು ಸಾಲಿನ ಪತ್ರದಲ್ಲಿ ಅದೂ ಇರುತ್ತಿರಲಿಲ್ಲ.

ಈಗ ನನ್ನ ಅಭಿಪ್ರಾಯ. ಮೂರು ತಿಂಗಳ ನೋಟಿಸ್ ನೌಕರರಿಗೆ ಮಾತ್ರ ಕಟ್ಟುಪಾಡು ಆಗಬಾರದು. ಅದೇ ಮೂರು ತಿಂಗಳೊಳಗೆ ಹೌದು ಅಥವಾ ಇಲ್ಲ ಅಂತ ಲಿಖಿತವಾಗಿ ಹೇಳುವುದು ಕಚೇರಿಗಳಿಗೂ ಕಟ್ಟುಪಾಡು ಆಗಬೇಕು. ಒಂದು ಸಹಿ ಬಿಟ್ಟಿದೆ ಅಂತ ಒಂದು ಫೋನ್ ಮಾಡಿದ್ದರೆ ಅಕ್ಕನ ಒಂದು ತಿಂಗಳ ನಿದ್ದೆ ಉಳಿಯುತ್ತಿತ್ತು. ಇದು ಬದಲಾಗುವವರೆಗೆ ನಮ್ಮ ರಕ್ಷಣೆ ನಮ್ಮ ಕೈಯಲ್ಲಿರುವ ಮೊಹರು ಬಿದ್ದ ಪ್ರತಿ ಒಂದೇ.

ಎರಡನೆಯದು ನಮ್ಮಂಥ ಹೊರದೇಶದವರಿಗೆ. ಊರಲ್ಲಿ ಅಪ್ಪ ಅಮ್ಮನಿಗೆ ಹುಷಾರಿಲ್ಲ ಅಂದಾಗ ಕೆಲಸ ಬಿಡುವುದು ಯಾವಾಗಲೂ ಅಲ್ಲಿರುವ ಅಕ್ಕ, ಅತ್ತಿಗೆ, ತಂಗಿ. ನಾವು ದುಡ್ಡು ಕಳಿಸುತ್ತೇವೆ ಅನ್ನುವ ಧೈರ್ಯದಲ್ಲಿ ಅವರ ಪಿಂಚಣಿಯನ್ನು ಹಗುರವಾಗಿ ಮಾತಾಡುತ್ತೇವೆ. ನನ್ನ ಕೆಲಸ ಕಾಂಟ್ರಾಕ್ಟ್ ಮೇಲೆ ಇದೆ, ವೀಸಾ ಮೇಲೆ ಇದೆ. ನಾಳೆ ನಾನು ದುಡ್ಡು ಕಳಿಸಲು ಆಗದ ದಿನವೂ ಅಕ್ಕನಿಗೆ ತಿಂಗಳಾದರೆ ಅವಳದೇ ದುಡ್ಡು ಬರಬೇಕು. ನಾನು ಆ ರಾತ್ರಿ ಫೋನಿನಲ್ಲಿ ಕೊಡಬೇಕಾಗಿದ್ದ ಸಲಹೆ ಒಂದೇ ಆಗಿತ್ತು: “ಅಕ್ಕ, ಏನೂ ಬರೀಬೇಡ, ನಾಳೆ ಹೋಗಿ ಮೊದಲು ಎಸ್‌ಆರ್ ನೋಡು.”

ಅಮ್ಮ ಈಗ ವಾಕರ್ ಹಿಡಿದು ಹಿತ್ತಲಿನವರೆಗೂ ಹೋಗುತ್ತಾರೆ. ಅಕ್ಕನ ಪಿಂಚಣಿಯ ಮೊದಲ ಕಂತು ಬಂದ ದಿನ ಅವಳು ನನಗೆ ಬ್ಯಾಂಕ್ ಮೆಸೇಜ್‌ನ ಫೋಟೋ ಕಳಿಸಿದ್ದಳು. ಕೆಳಗೆ ಒಂದೇ ಸಾಲು ಬರೆದಿದ್ದಳು, “ನಿನ್ನ ಮಾತು ಕೇಳಿದ್ದಿದ್ರೆ ಇದು ಇರ್ತಿರ್ಲಿಲ್ಲ ನೋಡು.”

ಅರ್ಜಿಯ ನಮೂನೆ ಬೇಕಾದವರು ಮೆಸೇಜ್ ಮಾಡಿ, ಅಕ್ಕ ಕೈಯಲ್ಲಿ ಬರೆದದ್ದರ ಫೋಟೋ ಇದೆ, ಹೆಸರು ಮುಚ್ಚಿ ಕಳಿಸುತ್ತೇನೆ.